ನೋ ಡ್ಯೂ ಫಾರ್ಮಿನಲ್ಲಿ ಇಲ್ಲದ ಕಾಲಂ

ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದ ವಾರ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಕಾರಿಡಾರಿಗೆ ಹೋಗಿ ನೋಡಿ. ಪ್ರತಿಯೊಬ್ಬರ ಕೈಯಲ್ಲೂ ಒಂದೇ ಹಾಳೆ ಇರುತ್ತದೆ. ಮೇಲ್ಗಡೆ ಹೆಸರು, ಯುಎಸ್‌ಎನ್, ವಿಭಾಗ. ಕೆಳಗೆ ಸಾಲು ಸಾಲಾಗಿ ಗ್ರಂಥಾಲಯ, ಲ್ಯಾಬುಗಳು, ಹಾಸ್ಟೆಲು, ಕ್ರೀಡಾ ವಿಭಾಗ, ಲೆಕ್ಕಪತ್ರ ವಿಭಾಗ. ಒಂದೊಂದು ಸಾಲಿನ ಎದುರೂ ಒಂದು ಸಹಿ, ಒಂದು ಸೀಲು ಬೀಳಬೇಕು. ಕೊನೆಯಲ್ಲಿ ಪ್ರಾಂಶುಪಾಲರ ಸಹಿ. ಬೇಬಾಕಿ ಪತ್ರವೆಂದರೂ ಇದೇ, ನೋ ಡ್ಯೂ ಅಂದರೂ ಇದೇ. ಇದು ಪೂರ್ತಿಯಾಗುವ ತನಕ ಟಿಸಿ ಇಲ್ಲ. ಅನೇಕ ಕಡೆ ವಿಶ್ವವಿದ್ಯಾಲಯದಿಂದ ಬಂದ ಮಾರ್ಕ್ಸ್ ಕಾರ್ಡು, ತಾತ್ಕಾಲಿಕ ಪದವಿ ಪ್ರಮಾಣ ಪತ್ರ, ಕಡೆಗೆ ಘಟಿಕೋತ್ಸವದ ನಂತರದ ಪದವಿ ಪತ್ರ ಕೂಡ ಕಾಲೇಜಿನ ಕಪಾಟಿನಲ್ಲೇ ಉಳಿಯುತ್ತವೆ.

ಈ ಹಾಳೆಯ ಹಿಂದೆ ಇರುವುದು ಒಂದು ಲೆಕ್ಕ. ನಾಲ್ಕು ವರ್ಷ ಒಂದು ಸಂಸ್ಥೆಯ ವಸ್ತು, ಕೋಣೆ, ಊಟ, ಸಾಲದ ಪುಸ್ತಕ ಎಲ್ಲವನ್ನೂ ಬಳಸಿದ ವ್ಯಕ್ತಿ ಇನ್ನು ಆ ಊರಿಗೆ ಬರುವುದಿಲ್ಲ. ಹೋಗುವ ಮುನ್ನ ಬೇರೆ ಬೇರೆ ರಿಜಿಸ್ಟರುಗಳಲ್ಲಿ ಚದುರಿರುವ ಅವರ ಹೆಸರನ್ನು ಒಂದು ಕಡೆ ತಂದು ಹೊಂದಾಣಿಕೆ ಮಾಡಲು ಸಂಸ್ಥೆಗೆ ಸಿಗುವ ಕೊನೆಯ ಅವಕಾಶ ಇದು. ಅದರಲ್ಲಿ ತಪ್ಪೇನಿಲ್ಲ. ತೊಡಕಿರುವುದು ಫಾರ್ಮಿನ ರಚನೆಯಲ್ಲಿ. ವಿದ್ಯಾರ್ಥಿ ಕಾಲೇಜಿಗೆ ಏನು ಕೊಡಬೇಕು ಎಂದಷ್ಟೇ ಅದು ಕೇಳುತ್ತದೆ. ಕಾಲೇಜು ವಿದ್ಯಾರ್ಥಿಗೆ ಏನು ಕೊಡಬೇಕು, ಮೂರನೆಯವರು ಕೊಡಬೇಕಾದದ್ದು ಎಷ್ಟು ಎಂಬ ಕಾಲಂಗಳು ಬಹುತೇಕ ಫಾರ್ಮುಗಳಲ್ಲಿ ಇರುವುದೇ ಇಲ್ಲ. ಹಾಗಾಗಿ ಬಾಕಿಯ ಮೊತ್ತ ಮೊದಲ ದಿನ ಒಂದಿದ್ದರೆ, ಸರಿಯಾಗಿ ಕೆದಕಿದ ಮೇಲೆ ಇನ್ನೊಂದಾಗುತ್ತದೆ.

ಇದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಸೇರಿಸಿ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಂಡಿದ್ದೇನೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಖಾಸಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಹಾಸ್ಟೆಲಿನಲ್ಲಿದ್ದಳು. ಪರಿಶಿಷ್ಟ ಜಾತಿಗೆ ಸೇರಿದವಳು, ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಪಡೆಯುವವಳು. ಜೂನ್ 18ಕ್ಕೆ ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೋದವಳು 24ಕ್ಕೆ ನೋ ಡ್ಯೂಗೆಂದು ಮತ್ತೆ ಬಂದಿದ್ದಾಳೆ. ಆ ಸಂಜೆಯ ಹೊತ್ತಿಗೆ ಅವಳ ಮೇಲೆ ಬರೆದ ಬಾಕಿ ಒಟ್ಟು 44,650 ರೂಪಾಯಿ.

ಮೊದಲು ಗ್ರಂಥಾಲಯ. ಅಲ್ಲಿನ ಕಂಪ್ಯೂಟರಿನಲ್ಲಿ ಅವಳ ಹೆಸರಿನಲ್ಲಿ ಒಂದು ಪುಸ್ತಕ ಇನ್ನೂ ಬಾಕಿ ಇದೆ. ಜನವರಿ 10ಕ್ಕೆ ಹಿಂತಿರುಗಿಸಬೇಕಿತ್ತು. ಬೆಲೆ 720 ರೂಪಾಯಿ, ದಿನಕ್ಕೆ 2 ರೂಪಾಯಿಯಂತೆ 165 ದಿನದ ದಂಡ 330.

"ಸರ್, ಆ ಪುಸ್ತಕ ನಾನು ಆಗಲೇ ಕೊಟ್ಟಿದೀನಿ."

"ಸಿಸ್ಟಮ್ಮಲ್ಲಿ ನಿನ್ನ ಹೆಸರಲ್ಲೇ ಇದೆಯಲ್ಲಮ್ಮ."

ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಗ್ರಂಥಾಲಯಕ್ಕೆ ಪುಸ್ತಕದ ಗುರುತು ಅದರ ಹೆಸರಲ್ಲ, ಪರಿಗ್ರಹಣ ಸಂಖ್ಯೆ. ಒಂದೇ ಪಠ್ಯಪುಸ್ತಕದ ಹತ್ತು ಪ್ರತಿಗಳಿದ್ದರೆ ಹತ್ತು ಬೇರೆ ಸಂಖ್ಯೆಗಳು ಇರುತ್ತವೆ, ಹತ್ತು ಬೇರೆ ಬಾರ್‌ಕೋಡುಗಳು ಇರುತ್ತವೆ. ಇವಳೂ ಇವಳ ರೂಮ್‌ಮೇಟೂ ಒಂದೇ ದಿನ ಒಂದೇ ಪುಸ್ತಕದ ಎರಡು ಪ್ರತಿ ತಂದಿದ್ದರು. ಕೋಣೆಯಲ್ಲಿ ಅವು ಅದಲುಬದಲಾದವು. ಇವಳು ಹಿಂತಿರುಗಿಸಿದ್ದು ಗೆಳತಿಯ ಪ್ರತಿಯನ್ನು. ಬಾರ್‌ಕೋಡ್ ಓದಿದ ಯಂತ್ರ ಗೆಳತಿಯ ಖಾತೆಯಿಂದ ಪುಸ್ತಕ ಇಳಿಸಿತು. ಗೆಳತಿ ತನ್ನ ಖಾತೆ ನೋಡಿದಾಗ ಬಾಕಿ ಸೊನ್ನೆ ಇತ್ತು. ತಾನೇ ಯಾವಾಗಲೋ ಕೊಟ್ಟಿರಬೇಕೆಂದುಕೊಂಡು ನೋ ಡ್ಯೂ ಮುಗಿಸಿ ಊರಿಗೆ ಹೋದಳು. ಇವಳ ಹೆಸರಿನ ಪ್ರತಿ ಈಗ ಅವಳ ಮನೆಯ ಪೆಟ್ಟಿಗೆಯಲ್ಲಿದೆ.

ಇದನ್ನು ಪತ್ತೆ ಮಾಡುವ ದಾರಿ ಸರಳ. ಬಾಕಿ ಇರುವ ಪುಸ್ತಕದ ಪರಿಗ್ರಹಣ ಸಂಖ್ಯೆಯನ್ನು ಬರೆದುಕೊಳ್ಳಬೇಕು. ತಾನು ಪುಸ್ತಕ ಕೊಟ್ಟ ದಿನ ಅದೇ ಹೆಸರಿನ ಬೇರಾವ ಸಂಖ್ಯೆ ಯಾರ ಖಾತೆಯಿಂದ ಇಳಿದಿದೆ ಎಂದು ವಹಿವಾಟಿನ ಚರಿತ್ರೆಯಲ್ಲಿ ತೆಗೆಸಿ ನೋಡಬೇಕು. ಕೋಹಾದಂಥ ಗ್ರಂಥಾಲಯ ತಂತ್ರಾಂಶಗಳಲ್ಲಿ ಪ್ರತಿಯೊಂದು ಪ್ರತಿಯ ಓಡಾಟವೂ ದಾಖಲಾಗಿರುತ್ತದೆ. ಕೌಂಟರಿನಲ್ಲಿರುವವರಿಗೆ ಅದನ್ನು ತೆರೆಯುವ ಅಧಿಕಾರ ಇಲ್ಲದಿದ್ದರೆ ಗ್ರಂಥಪಾಲಕರಿಗೆ ಇರುತ್ತದೆ. ಗೆಳತಿ ಪುಸ್ತಕವನ್ನು ಅಂಚೆಯಲ್ಲಿ ಕಳಿಸುತ್ತಾಳೆ, 720 ರೂಪಾಯಿಯ ಬೇಡಿಕೆ ಬಿದ್ದುಹೋಗುತ್ತದೆ. ದಂಡದ 330 ಉಳಿಯುತ್ತದೆ. ಅದನ್ನು ಮನ್ನಾ ಮಾಡುವ ಅಧಿಕಾರ ಸಾಮಾನ್ಯವಾಗಿ ಕೌಂಟರಿನವರಿಗೆ ಇಲ್ಲ.

ಒಂದು ಪುಸ್ತಕಕ್ಕೆ ಇಷ್ಟೊಂದು ಪಟ್ಟು ಏಕೆ ಎಂದು ಕೇಳುವವರಿದ್ದಾರೆ. ಗ್ರಂಥಪಾಲಕರ ಕುರ್ಚಿಯಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಅನ್ವಯಿಸುವ 2017ರ ಸಾಮಾನ್ಯ ಹಣಕಾಸು ನಿಯಮಗಳು ಗ್ರಂಥಾಲಯದ ದಾಸ್ತಾನು ಪರಿಶೀಲನೆಯನ್ನು ಕಡ್ಡಾಯ ಮಾಡಿವೆ. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ 1,000 ಸಂಪುಟಗಳಿಗೆ 5 ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಒಪ್ಪಬಹುದು, ಆದರೆ ಅದು ಅಪ್ರಾಮಾಣಿಕತೆಯಿಂದಲೋ ನಿರ್ಲಕ್ಷ್ಯದಿಂದಲೋ ಆಗಿರಬಾರದು ಎಂದು ಅವು ಹೇಳುತ್ತವೆ. ಖಾಸಗಿ ಕಾಲೇಜುಗಳಿಗೆ ಈ ನಿಯಮ ನೇರವಾಗಿ ಅನ್ವಯಿಸದು, ಆದರೂ ಅವುಗಳ ಗ್ರಂಥಾಲಯಗಳಲ್ಲೂ ದಾಸ್ತಾನು ಎಣಿಕೆ, ಲೆಕ್ಕ ತಪಾಸಣೆ ಇದ್ದೇ ಇರುತ್ತದೆ. ಓದುಗನ ಹೆಸರು ತಿಳಿದಿದ್ದೂ ಪುಸ್ತಕ ಬಿಟ್ಟುಕೊಟ್ಟರೆ ಅದು ಗ್ರಂಥಪಾಲಕರ ನಿರ್ಲಕ್ಷ್ಯವಾಗುತ್ತದೆ.

ಲ್ಯಾಬಿನ ಬಾಕಿಯ ಸ್ವಭಾವ ಬೇರೆ. ಅಲ್ಲಿ ಪುಸ್ತಕದಂತೆ ಒಬ್ಬರ ಹೆಸರಿಗೆ ಒಂದು ವಸ್ತು ಎಂದಿರುವುದಿಲ್ಲ. ಮೊದಲ ವರ್ಷದ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಒಡೆದ ಪಿಪೆಟ್ಟು ಬ್ರೇಕೇಜ್ ರಿಜಿಸ್ಟರಿನಲ್ಲಿ ಒಂದು ಸಾಲಾಗಿ ಕೂತಿರುತ್ತದೆ, ಮೂರು ವರ್ಷ ಯಾರೂ ಅದನ್ನು ತೆರೆದಿರುವುದಿಲ್ಲ. ದೊಡ್ಡ ತಕರಾರು ಬರುವುದು ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ. ನಾಲ್ಕು ಜನರ ತಂಡ, ಆದರೆ ಸಾಮಾನು ತೆಗೆದುಕೊಂಡ ಚೀಟಿಯಲ್ಲಿ ಒಬ್ಬರದೇ ಸಹಿ. ಆ ಚೀಟಿ ಇತ್ಯರ್ಥವಾಗುವ ತನಕ ನಾಲ್ವರ ಫಾರ್ಮೂ ನಿಲ್ಲುತ್ತದೆ.

ನಮ್ಮ ಹುಡುಗಿಯ ತಂಡ ಒಂದು ರಾಸ್ಪ್‌ಬೆರಿ ಪೈ ಬೋರ್ಡನ್ನು ತೆಗೆದುಕೊಂಡಿತ್ತು. ಹಿಂತಿರುಗಿಸಿದಾಗ ಲ್ಯಾಬ್ ಇನ್‌ಸ್ಟ್ರಕ್ಟರ್ ಅದನ್ನು ಹಚ್ಚಿ ನೋಡಿದರು, ಪರದೆ ಮೇಲೆ ಏನೂ ಬರಲಿಲ್ಲ. ರಿಜಿಸ್ಟರಿನಲ್ಲಿ "ಕೆಟ್ಟಿದೆ" ಎಂದು ಬರೆದು 5,600 ರೂಪಾಯಿ ಹಾಕಿದರು. ತಂಡದ ಉಳಿದ ಮೂವರು ಊರಲ್ಲಿದ್ದಾರೆ. ಎದುರಿಗಿದ್ದವಳು ಇವಳೊಬ್ಬಳೇ, ಹಾಗಾಗಿ ಪೂರ್ತಿ ಮೊತ್ತ ಇವಳ ಫಾರ್ಮಿಗೆ ಬಂತು.

ಈ ಬೋರ್ಡು ಬೂಟ್ ಆಗದಿರುವುದಕ್ಕೆ ಅತಿ ಸಾಮಾನ್ಯ ಕಾರಣ ಬೋರ್ಡಲ್ಲ, ಅದರೊಳಗೆ ಸಿಕ್ಕಿಸುವ ಮೆಮೊರಿ ಕಾರ್ಡು. ಕಾರ್ಯವ್ಯವಸ್ಥೆ ಇರುವುದು ಆ ಕಾರ್ಡಿನಲ್ಲಿ. ಸರಿಯಾಗಿ ಶಟ್‌ಡೌನ್ ಮಾಡದೆ ವಿದ್ಯುತ್ ಕಿತ್ತರೆ ಅದು ಕೆಡುತ್ತದೆ. ಕೆಂಪು ದೀಪ ಹತ್ತಿಕೊಂಡಿದ್ದು, ಹಸಿರು ದೀಪ ಮಿನುಗದೆ ಇದ್ದರೆ ಮೊದಲು ಕಾರ್ಡಿನ ಮೇಲೆ ಅನುಮಾನ ಪಡಬೇಕು. ಬೇರೊಂದು ಸರಿಯಿರುವ ಕಾರ್ಡು ಹಾಕಿ ನೋಡಿದರೆ ಐದು ನಿಮಿಷದಲ್ಲಿ ಬಯಲಾಗುತ್ತದೆ. ಹಾಗೆ ನೋಡಿದಾಗ ಬೋರ್ಡು ಸರಿಯಾಗಿತ್ತು. ಹೊಸ ಕಾರ್ಡಿಗೆ 480 ರೂಪಾಯಿ, ನಾಲ್ವರಿಗೆ ಹಂಚಿದರೆ ತಲಾ 120.

ಇದರಿಂದ ಒಂದು ವಿಷಯ ತಿಳಿಯುತ್ತದೆ. ಲ್ಯಾಬಿನ ಬಾಕಿಯನ್ನು ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಲೇಬೇಕು: ವಸ್ತು ನಿಜವಾಗಿ ಕೆಟ್ಟಿದೆಯೆಂದು ಪರೀಕ್ಷಿಸಿದವರು ಯಾರು, ಮೊತ್ತ ಹೊಸದರ ಬೆಲೆಯೋ ಹಳೆಯದರದೋ? ಐದು ಬ್ಯಾಚು ಬಳಸಿದ ಆಸಿಲೋಸ್ಕೋಪಿನ ಪ್ರೋಬಿಗೆ ಹೊಸ ಪ್ರೋಬಿನ ಪೂರ್ತಿ ಬೆಲೆಯನ್ನು ಆರನೆಯ ಬ್ಯಾಚಿನ ಮೇಲೆ ಹಾಕುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಸವಕಳಿಯ ನಿಯಮ ಇದ್ದರೆ ಅದನ್ನು ತೋರಿಸಿ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಬಹುದು, ಕೇಳಬೇಕು.

ಹಾಸ್ಟೆಲಿನಲ್ಲಿ ಕೀಲಿ, ಮಂಚ, ಫ್ಯಾನು, ಟ್ಯೂಬ್‌ಲೈಟು ನೋಡಿ ಸಹಿ ಹಾಕುವುದು ಬೇಗ ಆಗುತ್ತದೆ. ತಡವಾಗುವುದು ಮೆಸ್ಸಿನಿಂದ. ನಮ್ಮಲ್ಲಿ ಬಹಳಷ್ಟು ಹಾಸ್ಟೆಲುಗಳಲ್ಲಿ ಇರುವುದು ಡಿವೈಡಿಂಗ್ ಪದ್ಧತಿ. ತಿಂಗಳಿಗೆ ಆದ ದಿನಸಿ, ತರಕಾರಿ, ಗ್ಯಾಸು, ಅಡುಗೆಯವರ ಸಂಬಳ ಎಲ್ಲವನ್ನೂ ಕೂಡಿಸಿ, ಎಲ್ಲ ವಿದ್ಯಾರ್ಥಿಗಳು ಊಟ ಮಾಡಿದ ಒಟ್ಟು ದಿನಗಳಿಂದ ಭಾಗಿಸಿದರೆ ಒಂದು ದಿನದ ದರ ಸಿಗುತ್ತದೆ. ತಿಂಗಳು ಮುಗಿಯದೆ ದರ ಗೊತ್ತಾಗುವುದಿಲ್ಲ. ದರ ಗೊತ್ತಾಗದೆ ವಾರ್ಡನ್ ಬಾಕಿ ಇಲ್ಲವೆಂದು ಸಹಿ ಹಾಕುವುದು ಹೇಗೆ? ಅದಕ್ಕೇ "ಜುಲೈ ಮೊದಲ ವಾರ ಬಾಮ್ಮ" ಎನ್ನುತ್ತಾರೆ.

ಕೊನೆಯ ತಿಂಗಳಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ, ಅದು ಅನೇಕರಿಗೆ ಹೊಳೆಯುವುದಿಲ್ಲ. ನಮ್ಮ ಉದಾಹರಣೆಯ ಹಾಸ್ಟೆಲಿನಲ್ಲಿ ಮೇ ತಿಂಗಳ ಖರ್ಚು 6,48,000 ರೂಪಾಯಿ, ಊಟದ ದಿನಗಳು 5,400, ದಿನಕ್ಕೆ 120 ರೂಪಾಯಿ ಬಿತ್ತು. ಜೂನಿನಲ್ಲಿ ಒಬ್ಬೊಬ್ಬರಾಗಿ ಊರಿಗೆ ಹೊರಟರು. ಊಟದ ದಿನಗಳು ಅರ್ಧಕ್ಕೆ, ಅಂದರೆ 2,700ಕ್ಕೆ ಇಳಿದವು. ಆದರೆ ಅಡುಗೆಯವರ ಸಂಬಳ ಅರ್ಧವಾಗಲಿಲ್ಲ. ಖರ್ಚು 4,05,000ಕ್ಕಷ್ಟೇ ಇಳಿಯಿತು, ದರ 150ಕ್ಕೆ ಏರಿತು. ಕೊನೆಯ ತನಕ ಉಳಿದವರಿಗೆ ಬಿಲ್ಲು ಹೆಚ್ಚು ಬಂದಾಗ ಮೋಸವಾಯಿತೆಂದು ಜಗಳ ಹುಟ್ಟುವುದು ಇಲ್ಲೇ. ಮೋಸ ಇರಲೇಬೇಕೆಂದಿಲ್ಲ, ಭಾಗಾಕಾರವೇ ಹಾಗೆ. ಸಂದೇಹವಿದ್ದರೆ ಆ ತಿಂಗಳ ಒಟ್ಟು ಖರ್ಚು ಮತ್ತು ಒಟ್ಟು ಊಟದ ದಿನ ಈ ಎರಡು ಅಂಕಿ ಕೇಳಿದರೆ ಸಾಕು. ಇವಳು ಜೂನಿನಲ್ಲಿ ಉಂಡಿದ್ದು 18 ದಿನ, 2,700 ರೂಪಾಯಿ. ಮುಂಗಡವಾಗಿ ಕಟ್ಟಿದ್ದು 3,000. ಹಾಸ್ಟೆಲೇ ಅವಳಿಗೆ 300 ರೂಪಾಯಿ ಕೊಡಬೇಕು. ಅದನ್ನು ಬರೆಯಲು ಫಾರ್ಮಿನಲ್ಲಿ ಜಾಗವಿಲ್ಲ.

ಈಗ ಲೆಕ್ಕಪತ್ರ ವಿಭಾಗ. ಎಲ್ಲರೂ ಹೆದರುವ ಸಾಲು ಇದು. ಇದು ಕೊನೆಗೆ ಬರುವುದಕ್ಕೂ ಕಾರಣವಿದೆ: ಉಳಿದ ವಿಭಾಗಗಳು ಹಾಕಿದ ದಂಡ, ನಷ್ಟದ ಹಣವೆಲ್ಲ ಕಟ್ಟಬೇಕಾದದ್ದು ಇಲ್ಲಿಯೇ. ಇಲ್ಲಿ ಅವಳ ಹೆಸರಿನ ಎದುರು ಕಾಣುತ್ತಿರುವುದು 38,000 ರೂಪಾಯಿ ಶುಲ್ಕ ಬಾಕಿ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷದೊಳಗಿರುವವರಿಗೆ ಸಿಗುತ್ತದೆ. ವೆಚ್ಚದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40. ರಾಜ್ಯ ತನ್ನ ಪಾಲು ಬಿಡುಗಡೆ ಮಾಡಿದ ನಂತರ ಕೇಂದ್ರ ತನ್ನದನ್ನು ಕಳಿಸುತ್ತದೆ. 2021-22ರಿಂದ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಆಧಾರ್ ಜೋಡಿತ ಬ್ಯಾಂಕ್ ಖಾತೆಗೆ ಬರುತ್ತದೆ. ಅಂದರೆ ಹಣ ಈಗ ಎರಡು ಕಡೆಯಿಂದ ಎರಡು ಕಾಲದಲ್ಲಿ ಬರುತ್ತದೆ, ಕಾಲೇಜಿಗೆ ಅದು ಬಂದಿದೆಯೋ ಇಲ್ಲವೋ ಎಂದು ತಾನಾಗಿ ತಿಳಿಯುವುದಿಲ್ಲ. ಕಾಲೇಜಿನ ಲೆಡ್ಜರಿನಲ್ಲಿ ಅದು ವಿದ್ಯಾರ್ಥಿಯ ಬಾಕಿ ಎಂದೇ ನಿಂತಿರುತ್ತದೆ.

ಇವಳ ವಿಷಯದಲ್ಲಿ ರಾಜ್ಯದ ಪಾಲಾದ 15,200 ರೂಪಾಯಿ ಆಗಲೇ ಬಿಡುಗಡೆಯಾಗಿತ್ತು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಹಣ ಹೋಗಿದೆ ಎಂದು ತೋರಿಸುತ್ತಿತ್ತು. ಆದರೆ ಅವಳು ದಿನವೂ ಬಳಸುವ ಖಾತೆಯಲ್ಲಿ ಇರಲಿಲ್ಲ. ಸರ್ಕಾರದ ನೇರ ವರ್ಗಾವಣೆ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಎನ್‌ಪಿಸಿಐ ದಾಖಲೆಯಲ್ಲಿ ಆ ಆಧಾರ್ ಸಂಖ್ಯೆಗೆ ಜೋಡಣೆಯಾಗಿರುವ ಬ್ಯಾಂಕಿಗೆ. ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೆರೆಸಿದ್ದ ಹಳೆಯ ಖಾತೆಯೊಂದು ಇನ್ನೂ ಜೋಡಣೆಯಲ್ಲಿತ್ತು. ಹಣ ಅಲ್ಲಿ ಕೂತಿತ್ತು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದರೆ ಯಾವ ಬ್ಯಾಂಕು ಎಂದು ತಿಳಿಯುತ್ತದೆ. ಈ 15,200 ಕಾಲೇಜಿಗೆ ಸೇರಬೇಕಾದ ಹಣ, ಅವಳು ಕಟ್ಟಲೇಬೇಕು.

ಉಳಿದ 22,800 ಕೇಂದ್ರದಿಂದ ಇನ್ನೂ ಬಂದಿಲ್ಲ. ಇದು ಅವಳ ಕೈಯಲ್ಲಿಲ್ಲದ ಬಾಕಿ. ಕಾಲೇಜಿನ ಕಷ್ಟವೂ ಸುಳ್ಳಲ್ಲ, ನೂರಾರು ವಿದ್ಯಾರ್ಥಿಗಳ ಇಂಥ ಹಣ ತಡವಾದರೆ ಅಧ್ಯಾಪಕರ ಸಂಬಳವೇ ತಡವಾಗುತ್ತದೆ. ಹುಡುಗಿ ಊರು ಬಿಟ್ಟ ಮೇಲೆ ಹಣ ಅವಳ ಖಾತೆಗೇ ಬಂದರೆ ಮರಳಿ ಕಟ್ಟುತ್ತಾಳೆಂಬ ಖಾತ್ರಿ ಅವರಿಗಿಲ್ಲ. ಆದರೂ ಸರ್ಕಾರದ ತಡಕ್ಕೆ ವಿದ್ಯಾರ್ಥಿಯ ಪ್ರಮಾಣ ಪತ್ರವನ್ನು ಒತ್ತೆ ಇಡುವುದು ತಪ್ಪು ಎಂದು ನಾನು ಖಚಿತವಾಗಿ ನಂಬುತ್ತೇನೆ. ಆ ಪತ್ರವಿಲ್ಲದೆ ಅವಳು ಕೆಲಸಕ್ಕೆ ಸೇರಲಾಗದಿದ್ದರೆ ಬಾಕಿ ತೀರಿಸುವ ಶಕ್ತಿಯೂ ಅವಳಿಗೆ ಬರುವುದಿಲ್ಲ. ಅನೇಕ ಕಾಲೇಜುಗಳು ಒಪ್ಪುವ ಮಧ್ಯದ ದಾರಿ ಒಂದಿದೆ: ಎಸ್‌ಎಸ್‌ಪಿ ಅರ್ಜಿ ಸಂಖ್ಯೆ ಮತ್ತು ಮಂಜೂರಾತಿಯ ಸ್ಥಿತಿಯ ಪ್ರತಿಯನ್ನು ಲಗತ್ತಿಸಿ, ಹಣ ಬಂದ ಕೂಡಲೇ ಕಟ್ಟುತ್ತೇನೆಂದು ಮುಚ್ಚಳಿಕೆ ಬರೆದುಕೊಡುವುದು. ಅದನ್ನು ಕೊಟ್ಟರೆ ಲೆಡ್ಜರಿನಲ್ಲಿ ಆ ಮೊತ್ತ ವಿದ್ಯಾರ್ಥಿಯ ಬಾಕಿಯಿಂದ ವಿದ್ಯಾರ್ಥಿವೇತನ ಬಾಕಿಗೆ ವರ್ಗವಾಗುತ್ತದೆ, ಸಹಿ ಬೀಳುತ್ತದೆ.

ಇನ್ನೊಂದು ಮೊತ್ತ ಉಳಿಯಿತು. ಸೇರುವಾಗ ಕಟ್ಟಿದ ಕಾಷನ್ ಡೆಪಾಸಿಟ್, 5,000 ರೂಪಾಯಿ. ಪುಸ್ತಕ ಕಳೆದರೆ, ಸಾಮಾನು ಒಡೆದರೆ ಅದರಿಂದ ಕಳೆದುಕೊಳ್ಳಲೆಂದೇ ತೆಗೆದುಕೊಂಡದ್ದು. ಆದರೆ ರೂಢಿಯಲ್ಲಿ ದಂಡವನ್ನು ಮೊದಲು ಕೈಯಿಂದ ಕಟ್ಟಿಸಿಕೊಳ್ಳುತ್ತಾರೆ, ಡೆಪಾಸಿಟ್ ವಾಪಸಿಗೆ ಬೇರೆ ಅರ್ಜಿ, ಬೇರೆ ಕಾಯುವಿಕೆ. ಈಗ ಪೂರ್ತಿ ಲೆಕ್ಕ ಕೂಡಿಸೋಣ. ಅವಳು ಕೊಡಬೇಕಾದದ್ದು ದಂಡ 330, ಕಾರ್ಡಿಗೆ 120, ಶುಲ್ಕ 15,200, ಒಟ್ಟು 15,650. ಅವಳಿಗೆ ಬರಬೇಕಾದದ್ದು ಮೆಸ್ಸಿನಿಂದ 300, ಡೆಪಾಸಿಟ್ 5,000, ಒಟ್ಟು 5,300. ವ್ಯತ್ಯಾಸ 10,350 ರೂಪಾಯಿ. ಮೊದಲ ದಿನ ಕೇಳಿದ್ದು 44,650. ಎರಡರ ನಡುವೆ ಇರುವುದು ಯಾರ ದುರುದ್ದೇಶವೂ ಅಲ್ಲ. ಒಂದು ಅದಲುಬದಲು, ಪರೀಕ್ಷಿಸದ ಒಂದು ಬೋರ್ಡು, ಬಾರದ ಒಂದು ಕಂತು, ಇಲ್ಲದ ಒಂದು ಕಾಲಂ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಇಲ್ಲಿ ಮೂರು ಬಗೆಯ ಕಾಗದಗಳನ್ನು ಬೇರ್ಪಡಿಸಿ ನೋಡಬೇಕು, ಇಲ್ಲದಿದ್ದರೆ ಗೊಂದಲವಾಗುತ್ತದೆ.

ಮೊದಲನೆಯದು ವಿದ್ಯಾರ್ಥಿಯೇ ಸೇರುವಾಗ ಒಪ್ಪಿಸಿದ ಎಸ್‌ಎಸ್‌ಎಲ್‌ಸಿ, ಪಿಯುಸಿ ಮೂಲ ಅಂಕಪಟ್ಟಿಗಳು. ಇವುಗಳನ್ನು ಸಂಸ್ಥೆ ಇಟ್ಟುಕೊಳ್ಳುವಂತೆಯೇ ಇಲ್ಲ. 2018ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಹೊರಡಿಸಿದ ಅಧಿಸೂಚನೆ ಸ್ಪಷ್ಟವಾಗಿದೆ: ಪ್ರವೇಶದ ವೇಳೆ ವಿದ್ಯಾರ್ಥಿಯ ಎದುರಿನಲ್ಲೇ ಮೂಲ ಪ್ರತಿ ನೋಡಿ, ಸ್ವಯಂ ದೃಢೀಕರಿಸಿದ ನಕಲು ಇಟ್ಟುಕೊಂಡು, ಮೂಲವನ್ನು ಆಗಲೇ ವಾಪಸು ಕೊಡಬೇಕು.

ಎರಡನೆಯದು ಕಾಲೇಜೇ ಬರೆದುಕೊಡುವ ಟಿಸಿ. ಇದಕ್ಕೆ ನೋ ಡ್ಯೂ ಕೇಳುವ ರೂಢಿ ಗಟ್ಟಿಯಾಗಿದೆ. ಮೂರನೆಯದು ಪದವಿ ಮತ್ತು ಅಂಕಪಟ್ಟಿ. ಐಐಟಿ, ಎನ್‌ಐಟಿಗಳಂಥ ಕಡೆ ಕಲಿಸುವವರೂ ಪದವಿ ಕೊಡುವವರೂ ಒಬ್ಬರೇ. ಅಂಥ ಸಂಸ್ಥೆಗಳ ನಿಯಮಾವಳಿಗಳಲ್ಲಿ ಪದವಿಗೆ ಅರ್ಹರಾಗಲು ಸಂಸ್ಥೆಗೂ ಹಾಸ್ಟೆಲಿಗೂ ಗ್ರಂಥಾಲಯಕ್ಕೂ ಬಾಕಿ ಇರಬಾರದೆಂಬ ಷರತ್ತು ಸಾಮಾನ್ಯವಾಗಿ ಬರೆದೇ ಇರುತ್ತದೆ. ಅಲ್ಲಿ ತಡೆಗೆ ಲಿಖಿತ ಆಧಾರವಿದೆ. ಆದರೆ ಸಂಯೋಜಿತ ಕಾಲೇಜಿನಲ್ಲಿ ಪದವಿ ಕೊಡುವುದು ವಿಶ್ವವಿದ್ಯಾಲಯ. ಅದಕ್ಕೆ ನಿಮ್ಮ ಮೆಸ್ ಬಿಲ್ಲಿನ ಸುದ್ದಿಯೇ ಗೊತ್ತಿರುವುದಿಲ್ಲ. ಅಚ್ಚಾದ ಪತ್ರವನ್ನು ಹಂಚಲೆಂದು ಕಾಲೇಜಿಗೆ ಕಳಿಸಿರುತ್ತದೆ. ಇಲ್ಲಿ ಕಾಲೇಜು ತಡೆದಿಟ್ಟರೆ, ಯಾವ ನಿಯಮದಡಿ ಎಂದು ಕೇಳುವ ಹಕ್ಕು ವಿದ್ಯಾರ್ಥಿಗಿದೆ.

ಸಾಲಕ್ಕೆ ಪ್ರತಿಯಾಗಿ ವಸ್ತು ಹಿಡಿದಿಟ್ಟುಕೊಳ್ಳುವ ಹಕ್ಕು ಎಲ್ಲರಿಗೂ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 171ನೇ ಕಲಂ ಅದನ್ನು ಬ್ಯಾಂಕುದಾರರು, ದಲ್ಲಾಳಿಗಳು, ಬಂದರು ಕಟ್ಟೆಯವರು, ಹೈಕೋರ್ಟಿನ ಅಟಾರ್ನಿಗಳು, ವಿಮೆಯ ದಲ್ಲಾಳಿಗಳು ಇಷ್ಟು ಜನಕ್ಕೆ ಕೊಟ್ಟಿದೆ. ಉಳಿದವರಿಗೆ ಸ್ಪಷ್ಟ ಕರಾರು ಇದ್ದರೆ ಮಾತ್ರ. ಕಾಲೇಜು ಈ ಪಟ್ಟಿಯಲ್ಲಿಲ್ಲ. 2000ನೇ ಇಸವಿಯಲ್ಲಿ ಆರ್. ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಶುಲ್ಕ ಬಾಕಿಯೆಂದು ವಕೀಲರು ಕಕ್ಷಿದಾರನ ಕಾಗದಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, ಅವು ಮಾರಾಟಕ್ಕೆ ಬರುವ ಸರಕಲ್ಲ ಎಂದು ಹೇಳಿತು. ಶೈಕ್ಷಣಿಕ ಪ್ರಮಾಣ ಪತ್ರಗಳೂ ಸರಕಲ್ಲ, ಅವುಗಳ ಮೇಲೆ ಇಂಥ ಹಿಡಿತ ನಡೆಯದು ಎಂದು ಮದ್ರಾಸ್ ಹೈಕೋರ್ಟು ಕೂಡ ಹೇಳಿದೆ. ಇದರರ್ಥ ಬಾಕಿ ಮನ್ನಾ ಆಯಿತೆಂದಲ್ಲ. ಹಣ ಬರಬೇಕಿದ್ದರೆ ಸಂಸ್ಥೆ ದಾವೆ ಹೂಡಿ ವಸೂಲು ಮಾಡಬಹುದು. ಕೆಲವು ಸಾವಿರಕ್ಕೆ ಯಾರೂ ದಾವೆಗೆ ಹೋಗುವುದಿಲ್ಲ, ಅದಕ್ಕೇ ಕಾಗದ ಹಿಡಿಯುವ ರೂಢಿ ಉಳಿದುಕೊಂಡಿದೆ.

ಡಿಜಿಲಾಕರ್ ಈ ಹಿಡಿತವನ್ನು ಸ್ವಲ್ಪ ಸಡಿಲ ಮಾಡಿದೆ. ವಿಶ್ವವಿದ್ಯಾಲಯಗಳು ಪದವಿ ಮತ್ತು ಅಂಕಪಟ್ಟಿಗಳನ್ನು ರಾಷ್ಟ್ರೀಯ ಶೈಕ್ಷಣಿಕ ಠೇವಣಿ ವ್ಯವಸ್ಥೆಗೆ ಏರಿಸಿದರೆ ಅವು ವಿದ್ಯಾರ್ಥಿಯ ಡಿಜಿಲಾಕರ್ ಖಾತೆಯಲ್ಲಿ ಸಿಗುತ್ತವೆ, ಕಾನೂನಿನಲ್ಲಿ ಮೂಲ ಪ್ರತಿಗೆ ಸಮ. ಕೆಲಸ ಕೊಡುವವರು ಇದನ್ನು ಒಪ್ಪಿದರೆ ಕಪಾಟಿನಲ್ಲಿರುವ ಕಾಗದಕ್ಕಾಗಿ ಕಾಯುವುದು ತಪ್ಪುತ್ತದೆ. ಟಿಸಿಗೆ ಮಾತ್ರ ಇದು ಪರಿಹಾರವಲ್ಲ. ಸ್ನಾತಕೋತ್ತರ ಪ್ರವೇಶಕ್ಕೆ ಟಿಸಿ ಕೇಳುವ ಕಾಲೇಜಿಗೆ ಹೋಗುವವರು ಹಳೆಯ ಕಾಲೇಜಿನ ಬಾಗಿಲಿಗೇ ಬರಬೇಕು.

ತಕರಾರು ಬಗೆಹರಿಯದಿದ್ದರೆ ಏನು ಮಾಡಬೇಕು? ಬಾಯಿಮಾತಿನಲ್ಲಿ ವಾದಿಸುತ್ತ ದಿನ ಕಳೆಯಬಾರದು. ಬಾಕಿಯ ವಿವರ, ಅದರ ಆಧಾರದ ನಿಯಮ, ಲೆಕ್ಕ ಮೂರನ್ನೂ ಕೇಳಿ ಪ್ರಾಂಶುಪಾಲರಿಗೆ ಒಂದು ಪುಟದ ಅರ್ಜಿ ಬರೆದು, ಕಚೇರಿಯ ಸೀಲು ಮತ್ತು ತಾರೀಖು ಹಾಕಿಸಿ ನಕಲು ಇಟ್ಟುಕೊಳ್ಳಬೇಕು. ಸ್ವೀಕರಿಸಲು ಒಪ್ಪದಿದ್ದರೆ ಇಮೇಲ್ ಇಲ್ಲವೇ ಸ್ಪೀಡ್ ಪೋಸ್ಟ್. ಯುಜಿಸಿಯ 2023ರ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹೋಗಬಹುದು, ಅಲ್ಲಿ ಇತ್ಯರ್ಥಕ್ಕೆ 30 ದಿನದ ಗಡುವಿದೆ. ಪದವಿಯೇ ತಡವಾಗಿದ್ದರೆ ನೆನಪಿಡಬೇಕಾದದ್ದು ಇನ್ನೊಂದು: ವಿದ್ಯಾರ್ಥಿ ಅರ್ಹನಾಗುವ ದಿನಾಂಕದಿಂದ 180 ದಿನಗಳೊಳಗೆ ಪದವಿ ಪ್ರದಾನವಾಗಬೇಕೆಂದು ಯುಜಿಸಿಯ 2008ರ ನಿಯಮಗಳು ಹೇಳುತ್ತವೆ.

ಕೆಲಸಕ್ಕೆ ಸೇರುವ ದಿನ ನಾಳೆಯೇ ಇದ್ದು, ತಕರಾರಿನ ಮೊತ್ತ ಚಿಕ್ಕದಿದ್ದರೆ ಕಟ್ಟಿಬಿಡುವುದೇ ಜಾಣತನ. ಆದರೆ ರಸೀದಿಯ ಜೊತೆಗೆ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂಬ ಪತ್ರ ಕೊಟ್ಟಿರಬೇಕು. ಮೌನವಾಗಿ ಕಟ್ಟಿದರೆ ಒಪ್ಪಿದ ಹಾಗೆ, ಬರೆದು ಕಟ್ಟಿದರೆ ಪ್ರಶ್ನೆ ಜೀವಂತವಾಗಿರುತ್ತದೆ.

ನಮ್ಮ ಹುಡುಗಿ ಮುಚ್ಚಳಿಕೆಯ ಜೊತೆ ಇನ್ನೊಂದು ಹಾಳೆ ಲಗತ್ತಿಸುತ್ತಾಳೆ. ಎಡಕ್ಕೆ ತಾನು ಕೊಡಬೇಕಾದ ಮೂರು ಬಾಬ್ತು, ಬಲಕ್ಕೆ ತನಗೆ ಬರಬೇಕಾದ ಎರಡು, ಕೆಳಗೆ 10,350ರ ಪಾವತಿ. ಡೆಪಾಸಿಟನ್ನು ಹೀಗೆ ವಜಾ ಮಾಡಿಕೊಳ್ಳಲು ನಮ್ಮಲ್ಲಿ ಪದ್ಧತಿಯಿಲ್ಲ ಎಂದು ಅಕೌಂಟೆಂಟ್ ಹೇಳಬಹುದು. ಆಗ ಅವಳು 15,650 ಕಟ್ಟಿ, ಡೆಪಾಸಿಟ್ ಮತ್ತು ಮೆಸ್ಸಿನ 5,300 ವಾಪಸಿಗೆ ಅಲ್ಲೇ ಅರ್ಜಿ ಬರೆದು, ಬ್ಯಾಂಕ್ ಖಾತೆಯ ವಿವರ ಸೇರಿಸಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಬೇಕು. ಟಿಸಿ ಕೈಗೆ ಸಿಕ್ಕ ಖುಷಿಯಲ್ಲಿ ಈ ಅರ್ಜಿಯನ್ನು ಮರೆತು ಹೋಗುವವರು ಬಹಳ. ಅನೇಕ ಕಾಲೇಜುಗಳಲ್ಲಿ ಡೆಪಾಸಿಟ್ ಕೇಳಲು ಗಡುವು ಇರುತ್ತದೆ, ಆ ಗಡುವನ್ನು ಸೇರುವಾಗ ಕೊಟ್ಟ ರಸೀದಿಯ ಹಿಂಬದಿಯಲ್ಲೋ ಕೈಪಿಡಿಯಲ್ಲೋ ಹುಡುಕಬೇಕು.